ಬಾಯ್ಲರ್ ಒಲೆಗೆ ಎಷ್ಟು ಗಾಳಿ ಸಾಕು?

ಸಕ್ಕರೆ ಕಾರ್ಖಾನೆಗೆ ಬರುವ ಕಬ್ಬಿನ ಟ್ರ್ಯಾಕ್ಟರು ವೇ ಬ್ರಿಡ್ಜ್ ಮೇಲೆ ಹತ್ತಿ ಇಳಿಯದೆ ಒಳಗೆ ಹೋಗುವಂತಿಲ್ಲ. ಹೊರಗೆ ಹೋಗುವ ಸಕ್ಕರೆ, ಕಾಕಂಬಿ ಎರಡಕ್ಕೂ ಲೆಕ್ಕವಿದೆ. ಆದರೆ ಅದೇ ಕಾರ್ಖಾನೆಯ ಬಾಯ್ಲರ್ ಮನೆಗೆ ಗಂಟೆಗೆ ನೂರೈವತ್ತು, ಇನ್ನೂರು ಟನ್ ಲೆಕ್ಕದಲ್ಲಿ ಒಳಹೋಗುವ ಒಂದು ಸರಕನ್ನು ಯಾರೂ ತೂಗುವುದಿಲ್ಲ. ಅದೇ ಗಾಳಿ. ಪುಕ್ಕಟೆ ಸಿಗುವ ವಸ್ತುವಾದ್ದರಿಂದ ಅದರ ಲೆಕ್ಕ ಯಾರಿಗೂ ಬೇಕಿಲ್ಲ. ಒಳಗೆ ಹೋಗುವಾಗ ಅದು ಪುಕ್ಕಟೆ, ನಿಜ. ಹೊರಗೆ ಹೋಗುವಾಗ ಮಾತ್ರ ಬಿಸಿಯಾಗಿ ಹೋಗುತ್ತದೆ. ಆ ಬಿಸಿ ಬಂದದ್ದು ನಾವು ಸುಟ್ಟ ಇಂಧನದಿಂದ.

ಮಂಡ್ಯದ ಕಡೆಯಾಗಲಿ, ಬೆಳಗಾವಿ, ಬಾಗಲಕೋಟೆಯ ಕಡೆಯಾಗಲಿ, ಸಕ್ಕರೆ ಕಾರ್ಖಾನೆಯ ಬಾಯ್ಲರಿನ ಮುಖ್ಯ ಇಂಧನ ಬಗಾಸ್, ಅಂದರೆ ರಸ ಹಿಂಡಿದ ಮೇಲೆ ಉಳಿಯುವ ಕಬ್ಬಿನ ಸಿಪ್ಪೆ. ಅರೆದ ಕಬ್ಬಿನ ತೂಕದಲ್ಲಿ ಹೆಚ್ಚುಕಡಿಮೆ ಶೇ 28ರಿಂದ 30ರಷ್ಟು ಬಗಾಸ್ ಆಗಿ ಹೊರಬರುತ್ತದೆ. ದಿನಕ್ಕೆ 5,000 ಟನ್ ಕಬ್ಬು ಅರೆಯುವ ಕಾರ್ಖಾನೆಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಅಲ್ಲಿ ಗಂಟೆಗೆ ಸುಮಾರು 60 ಟನ್ ಬಗಾಸ್ ಬೀಳುತ್ತದೆ. ಅದರಲ್ಲಿ 40 ಟನ್ ಒಂದು ಬಾಯ್ಲರಿಗೆ ಹೋಗಿ ಸುಮಾರು 90 ಟನ್ ಹಬೆ ಕೊಡುತ್ತದೆ ಎಂದುಕೊಳ್ಳೋಣ. ಈ 40 ಟನ್ ಬಗಾಸಿಗೆ ಎಷ್ಟು ಗಾಳಿ ಬೇಕು? ಎಷ್ಟು ಕೊಟ್ಟರೆ ನಷ್ಟ? ಎಷ್ಟು ಕೊಟ್ಟಿದ್ದೇವೆಂದು ತಿಳಿಯುವುದು ಹೇಗೆ?

ಒಂದು ಕಿಲೋ ಬಗಾಸಿನ ಲೆಕ್ಕ

ಮಿಲ್ಲಿನಿಂದ ನೇರವಾಗಿ ಬಂದ ಬಗಾಸಿನಲ್ಲಿ ಅರ್ಧಕ್ಕರ್ಧ ನೀರು. ಉಳಿದ ಅರ್ಧವೇ ನಿಜವಾದ ಇಂಧನ. ಸಾಮಾನ್ಯವಾಗಿ ಒಂದು ಕಿಲೋ ಬಗಾಸಿನಲ್ಲಿ 500 ಗ್ರಾಂ ನೀರು, 235 ಗ್ರಾಂ ಇಂಗಾಲ, ಸುಮಾರು 32 ಗ್ರಾಂ ಜಲಜನಕ, 220 ಗ್ರಾಂ ಆಮ್ಲಜನಕ ಇರುತ್ತದೆ, ಉಳಿದದ್ದು ಬೂದಿ.

ಉರಿಯುವುದು ಎಂದರೆ ಇಂಗಾಲ ಮತ್ತು ಜಲಜನಕ ಆಮ್ಲಜನಕದೊಂದಿಗೆ ಕೂಡುವುದು. ಒಂದು ಗ್ರಾಂ ಇಂಗಾಲಕ್ಕೆ 2.67 ಗ್ರಾಂ ಆಮ್ಲಜನಕ ಬೇಕು. ಹಾಗಾಗಿ 235 ಗ್ರಾಂ ಇಂಗಾಲಕ್ಕೆ 627 ಗ್ರಾಂ. ಒಂದು ಗ್ರಾಂ ಜಲಜನಕಕ್ಕೆ 8 ಗ್ರಾಂ ಆಮ್ಲಜನಕ ಬೇಕು. ಇಲ್ಲಿರುವ ಜಲಜನಕಕ್ಕೆ ಸುಮಾರು 260 ಗ್ರಾಂ. ಎರಡೂ ಸೇರಿ 887 ಗ್ರಾಂ. ಆದರೆ ಬಗಾಸಿನೊಳಗೇ 220 ಗ್ರಾಂ ಆಮ್ಲಜನಕ ಇದೆಯಲ್ಲ, ಅದನ್ನು ಕಳೆಯಬೇಕು. ಹೊರಗಿನಿಂದ ತರಬೇಕಾದದ್ದು 667 ಗ್ರಾಂ.

ಶುದ್ಧ ಆಮ್ಲಜನಕವನ್ನು ಬಾಯ್ಲರಿಗೆ ಯಾರೂ ಊದುವುದಿಲ್ಲ, ಊದುವುದು ಗಾಳಿಯನ್ನು. ಗಾಳಿಯ ತೂಕದಲ್ಲಿ ಆಮ್ಲಜನಕ ಶೇ 23ರಷ್ಟು ಮಾತ್ರ, ಮಿಕ್ಕದ್ದು ಬಹುಪಾಲು ಸಾರಜನಕ. ಆದ್ದರಿಂದ 667 ಗ್ರಾಂ ಆಮ್ಲಜನಕ ಸಿಗಬೇಕಾದರೆ ಸುಮಾರು 2.9 ಕಿಲೋ ಗಾಳಿ ತರಬೇಕು. ಒಂದು ಕಿಲೋ ಬಗಾಸ್ ಪೂರ್ತಿ ಉರಿಯಲು ಲೆಕ್ಕದ ಪ್ರಕಾರ ಸಾಕಾಗುವ ಗಾಳಿ ಇಷ್ಟೇ. ಇದಕ್ಕೆ ಸೈದ್ಧಾಂತಿಕ ಗಾಳಿ ಎನ್ನುತ್ತಾರೆ. ನಮ್ಮ 40 ಟನ್ ಬಗಾಸಿಗೆ ಇದು ಗಂಟೆಗೆ 115 ಟನ್ ಆಗುತ್ತದೆ.

ಕಲ್ಲಿದ್ದಲಿಗೂ ಇದೇ ಲೆಕ್ಕ. ಶೇ 38ರಷ್ಟು ಬೂದಿಯಿರುವ ನಮ್ಮ ದೇಶದ ಸಾಧಾರಣ ಕಲ್ಲಿದ್ದಲಿನಲ್ಲಿ ಇಂಗಾಲ ಶೇ 41ರ ಆಸುಪಾಸಿನಲ್ಲಿರುತ್ತದೆ. ಅಂಥ ಒಂದು ಕಿಲೋ ಕಲ್ಲಿದ್ದಲಿಗೆ ಸುಮಾರು 5.3 ಕಿಲೋ ಗಾಳಿ ಬೇಕು. ಬಗಾಸಿಗಿಂತ ಎಷ್ಟೋ ಹೆಚ್ಚು ಎಂದು ಕಾಣಬಹುದು. ಆದರೆ ಕಿಲೋ ಲೆಕ್ಕ ಬಿಟ್ಟು ಶಾಖದ ಲೆಕ್ಕದಲ್ಲಿ ನೋಡಿದರೆ ಈ ವ್ಯತ್ಯಾಸ ಮಾಯವಾಗುತ್ತದೆ. ಆ ಕಲ್ಲಿದ್ದಲು ಕಿಲೋಗೆ ಸುಮಾರು 4,000 ಕಿಲೋಕ್ಯಾಲರಿ ಶಾಖ ಕೊಡುತ್ತದೆ, ಅರ್ಧ ನೀರಿರುವ ಬಗಾಸ್ ಸುಮಾರು 2,270. ಅಂದರೆ ಎರಡರಲ್ಲೂ ಪ್ರತಿ ಸಾವಿರ ಕಿಲೋಕ್ಯಾಲರಿಗೆ 1.3 ಕಿಲೋ ಗಾಳಿ. ಇಂಧನ ಯಾವುದೇ ಇರಲಿ, ಈ ಸಂಖ್ಯೆ ಹೆಚ್ಚು ಬದಲಾಗುವುದಿಲ್ಲ. ಪ್ರಯೋಗಶಾಲೆಯ ವರದಿ ಕೈಯಲ್ಲಿಲ್ಲದಾಗ ಗಾಳಿಯ ಲೆಕ್ಕವನ್ನು ಅಂದಾಜು ಮಾಡಲು ಇದೊಂದು ಒಳ್ಳೆಯ ಸೂತ್ರ.

ಲೆಕ್ಕದ ಗಾಳಿ ಯಾಕೆ ಸಾಲದು?

115 ಟನ್ ಸಾಕು ಎಂದು ಲೆಕ್ಕ ಹೇಳಿದ ಮೇಲೆ ಅಷ್ಟನ್ನೇ ಕೊಟ್ಟರಾಗದೆ? ಆಗುವುದಿಲ್ಲ. ಪ್ರತಿಯೊಂದು ಇಂಗಾಲದ ಕಣಕ್ಕೂ ತನ್ನ ಪಾಲಿನ ಆಮ್ಲಜನಕ ಸರಿಯಾದ ಜಾಗದಲ್ಲಿ, ಸರಿಯಾದ ಹೊತ್ತಿಗೆ ಸಿಗುತ್ತದೆ ಎಂಬ ನಂಬಿಕೆಯ ಮೇಲೆ ಆ ಲೆಕ್ಕ ನಿಂತಿದೆ. ಫರ್ನೇಸಿನಲ್ಲಿ ಹಾಗೆ ನಡೆಯುವುದಿಲ್ಲ. ಬಗಾಸ್ ಒಳಗೆ ಬಿದ್ದು ಅನಿಲವಾಗಿ ಚಿಮಣಿ ಕಡೆ ಹೊರಡಲು ಇರುವ ಸಮಯ ಕೆಲವೇ ಸೆಕೆಂಡು. ಅಷ್ಟರೊಳಗೆ ಅದು ಒಣಗಬೇಕು, ಅದರಿಂದ ಉರಿಯುವ ಅನಿಲಗಳು ಹೊರಬರಬೇಕು, ಆ ಅನಿಲ ಗಾಳಿಯೊಂದಿಗೆ ಬೆರೆಯಬೇಕು, ಉರಿಯಬೇಕು. ಬೆರಕೆ ಎಲ್ಲೆಡೆ ಒಂದೇ ಸಮ ಆಗುವುದಿಲ್ಲವಾದ್ದರಿಂದ ಸ್ವಲ್ಪ ಗಾಳಿಯನ್ನು ಮೇಲ್ಪಾಲಾಗಿ ಕೊಡಬೇಕಾಗುತ್ತದೆ. ಅದೇ ಹೆಚ್ಚುವರಿ ಗಾಳಿ.

ಮದುವೆ ಮನೆಯಲ್ಲಿ ಐನೂರು ಎಲೆಯ ಅಂದಾಜಿದ್ದರೆ ಆರುನೂರಕ್ಕೆ ಅಡುಗೆ ಮಾಡಿಸುವ ಹಾಗೆ ಇದು. ನೂರು ಎಲೆಯ ಅಡುಗೆ ಮಿಕ್ಕರೆ ಚಿಂತೆಯಿಲ್ಲ, ಸಾವಿರಕ್ಕೆ ಮಾಡಿಸಿದರೆ ದುಂದು.

ಮೇಲ್ಪಾಲು ಎಷ್ಟಿರಬೇಕು ಎಂಬುದು ಇಂಧನವನ್ನು ಎಷ್ಟು ಚೆನ್ನಾಗಿ ಗಾಳಿಗೆ ಒಡ್ಡಬಹುದು ಎಂಬುದರ ಮೇಲೆ ನಿಂತಿದೆ. ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಸ್ಥಾವರದಂಥ ಕಡೆ ಕಲ್ಲಿದ್ದಲನ್ನು ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗೆ ಅರೆದು ಗಾಳಿಯ ಜೊತೆಗೇ ಒಳಕ್ಕೆ ಊದುತ್ತಾರೆ. ಕಣ ಕಣಕ್ಕೂ ಗಾಳಿ ತಾಕುವುದರಿಂದ ಅಲ್ಲಿ ಶೇ 15ರಿಂದ 20ರಷ್ಟು ಹೆಚ್ಚುವರಿ ಗಾಳಿ ಸಾಕು. ಹೆಂಟೆ ಕಲ್ಲಿದ್ದಲನ್ನು ಗ್ರೇಟ್ ಮೇಲೆ ಹರಡಿ ಸುಡುವ ಬಾಯ್ಲರುಗಳಿಗೆ ಶೇ 30ರಿಂದ ಮೇಲೆ ಬೇಕಾಗುತ್ತದೆ. ಬಗಾಸಿಗೆ ಕೇಂದ್ರ ಸರ್ಕಾರದ ಇಂಧನ ದಕ್ಷತೆ ಬ್ಯೂರೋದ ಕೈಪಿಡಿ ಕೊಡುವ ಮಿತಿ ಶೇ 25ರಿಂದ 35.

ನಮ್ಮ ಬಾಯ್ಲರಿಗೆ ಶೇ 25 ಇಟ್ಟುಕೊಂಡರೆ ಗಾಳಿ ಗಂಟೆಗೆ 144 ಟನ್. ಅಂದರೆ ಒಂದೂಕಾಲು ಲಕ್ಷ ಘನ ಮೀಟರಿನಷ್ಟು.

ಕಡಿಮೆಯಾದರೆ ಏನು, ಹೆಚ್ಚಾದರೆ ಏನು?

ಗಾಳಿ ಕಡಿಮೆಯಾದಾಗಿನ ನಷ್ಟ ದೊಡ್ಡದು, ಕಣ್ಣಿಗೂ ಕಾಣುತ್ತದೆ. ಒಂದು ಕಿಲೋ ಇಂಗಾಲ ಪೂರ್ತಿ ಉರಿದು ಇಂಗಾಲದ ಡೈಆಕ್ಸೈಡ್ ಆದರೆ ಸುಮಾರು 8,080 ಕಿಲೋಕ್ಯಾಲರಿ ಶಾಖ ಸಿಗುತ್ತದೆ. ಅರೆಬರೆ ಉರಿದು ಇಂಗಾಲದ ಮೊನಾಕ್ಸೈಡ್ ಆಗಿ ನಿಂತರೆ ಸಿಗುವುದು ಸುಮಾರು 2,430 ಮಾತ್ರ. ಮುಕ್ಕಾಲಿಗೆ ಸ್ವಲ್ಪ ಕಡಿಮೆ ಪಾಲು ಚಿಮಣಿಯ ಪಾಲಾಯಿತು ಎಂದೇ ಅರ್ಥ. ಜೊತೆಗೆ ಕಪ್ಪು ಹೊಗೆ, ಗ್ರೇಟ್ ಮೇಲೆ ಉರಿಯದೆ ಉಳಿದ ರಾಶಿ, ಬೂದಿಯಲ್ಲಿ ಕರಿಯ ಚೂರು. ಉರಿಯದ ಅನಿಲ ಫರ್ನೇಸಿನಲ್ಲಿ ತುಂಬಿಕೊಂಡು ಒಮ್ಮೆಲೇ ಗಾಳಿ ಸಿಕ್ಕಿ ಭಗ್ಗೆಂದು ಹೊತ್ತಿಕೊಂಡರೆ ಬಾಗಿಲಿನಿಂದ ಬೆಂಕಿ ಹೊರಗೆ ನುಗ್ಗುತ್ತದೆ. ಬಾಯ್ಲರ್ ಗೋಡೆಗೂ ಅಪಾಯ, ಎದುರಿಗಿರುವವರಿಗೂ ಅಪಾಯ. ಆದ್ದರಿಂದಲೇ ಬಾಯ್ಲರ್ ನಡೆಸುವವರು ಒಂದು ಕ್ರಮ ಪಾಲಿಸುತ್ತಾರೆ. ಹಬೆ ಹೆಚ್ಚು ಬೇಕಾದಾಗ ಮೊದಲು ಗಾಳಿ ಏರಿಸಿ ಆಮೇಲೆ ಬಗಾಸ್ ಏರಿಸುವುದು. ಹಬೆ ಕಡಿಮೆ ಸಾಕಾದಾಗ ಮೊದಲು ಬಗಾಸ್ ಇಳಿಸಿ ಆಮೇಲೆ ಗಾಳಿ ಇಳಿಸುವುದು. ಎರಡೂ ಹೊತ್ತಿನಲ್ಲಿ ಬೆಂಕಿಗೆ ಗಾಳಿಯ ಕೊರತೆ ಬರಬಾರದು ಎಂಬುದೇ ಇದರ ತಿರುಳು.

ಗಾಳಿ ಹೆಚ್ಚಾದಾಗಿನ ನಷ್ಟ ಹೀಗೆ ಕಾಣುವುದಿಲ್ಲ. ಹೊಗೆ ತಿಳಿಯಾಗಿರುತ್ತದೆ, ಬೆಂಕಿ ಬೆಳ್ಳಗೆ ಉರಿಯುತ್ತದೆ, ಯಾರೂ ಬಂದು ಕೇಳುವುದಿಲ್ಲ. ಅದಕ್ಕೇ ಕೈ ಯಾವಾಗಲೂ ಹೆಚ್ಚಿನ ಕಡೆಗೇ ವಾಲುತ್ತದೆ. ನಮ್ಮ ಬಾಯ್ಲರಿನಲ್ಲಿ ಶೇ 25ರ ಬದಲು ಶೇ 75 ಹೆಚ್ಚುವರಿ ಗಾಳಿ ಹೋಗುತ್ತಿದೆ ಎಂದುಕೊಳ್ಳೋಣ. ಆಗ ಪ್ರತಿ ಕಿಲೋ ಬಗಾಸಿಗೆ 1.44 ಕಿಲೋ ಗಾಳಿ ಸುಮ್ಮನೆ ಒಳಬಂದು ಹೊರಹೋಗುತ್ತದೆ. ಒಳಬರುವಾಗ 30 ಡಿಗ್ರಿ, ಚಿಮಣಿಗೆ ಹೋಗುವಾಗ 160 ಡಿಗ್ರಿ. ಅದನ್ನು ಬಿಸಿ ಮಾಡಲು ಖರ್ಚಾಗುವ ಶಾಖ ಸುಮಾರು 45 ಕಿಲೋಕ್ಯಾಲರಿ. ಬಗಾಸಿನ 2,270ರಲ್ಲಿ ಇದು ಶೇ 2.

ಶೇ 2 ಎಂದರೆ ಎಷ್ಟು ಮಹಾ ಎನ್ನಿಸಬಹುದು. ಒದ್ದೆ ಬಗಾಸಿನ ಬಾಯ್ಲರಿನ ದಕ್ಷತೆಯೇ ಶೇ 70ರ ಸುತ್ತ. ಬಗಾಸಿನ ನೀರನ್ನೂ, ಉರಿದಾಗ ಹುಟ್ಟುವ ನೀರನ್ನೂ ಆವಿ ಮಾಡಿ ಕಳಿಸಲು ಒಟ್ಟು ಶಾಖದಲ್ಲಿ ಶೇ 22ರಷ್ಟು ಹೋಗಿಬಿಡುತ್ತದೆ. ಅದು ನಮ್ಮ ಕೈಯಲ್ಲಿಲ್ಲದ ನಷ್ಟ. ಉಳಿದ 70ರಲ್ಲಿ 2 ಕಳೆದರೆ ಅದೇ ಹಬೆಗೆ ಸುಮಾರು ಶೇ 3ರಷ್ಟು ಹೆಚ್ಚು ಬಗಾಸ್ ಸುಡಬೇಕು. 40 ಟನ್ನಿಗೆ ಗಂಟೆಗೆ ಒಂದು ಟನ್ನಿಗಿಂತ ತುಸು ಹೆಚ್ಚು. 150 ದಿನದ ಹಂಗಾಮಿಗೆ ಸುಮಾರು 4,000 ಟನ್. ಸಹ ವಿದ್ಯುತ್ ಘಟಕವಿರುವ ಕಾರ್ಖಾನೆಯಲ್ಲಿ ಟನ್ನಿಗೆ 400 ಯೂನಿಟ್ ಎಂದು ಹಿಡಿದರೂ 16 ಲಕ್ಷ ಯೂನಿಟ್ ವಿದ್ಯುತ್ತು ಚಿಮಣಿಯಲ್ಲಿ ಹೋಯಿತು.

ಇಷ್ಟಕ್ಕೇ ಮುಗಿಯುವುದಿಲ್ಲ. ಬಾಯ್ಲರಿನಲ್ಲಿ ಹರಿಯುವ ಗಾಳಿ 1.4 ಪಟ್ಟಾದರೆ ಕೊಳವೆಗಳ ನಡುವೆ ಅನಿಲದ ಓಟವೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಶಾಖ ಬಿಟ್ಟುಕೊಡಲು ಅದಕ್ಕೆ ಸಮಯ ಸಾಲದೆ ಚಿಮಣಿಗೆ ಹೋಗುವ ಅನಿಲ ಇನ್ನಷ್ಟು ಬಿಸಿಯಾಗಿರುತ್ತದೆ. ನಷ್ಟ ಶೇ 2ರಿಂದ 3ಕ್ಕೆ ಜಾರುತ್ತದೆ. ಕಬ್ಬಿನ ಜೊತೆ ಗದ್ದೆಯಿಂದ ಬಂದ ಮರಳು ಆ ವೇಗದಲ್ಲಿ ಕೊಳವೆಗಳಿಗೆ ಬಡಿದು ಅವನ್ನು ತೆಳ್ಳಗೆ ಮಾಡುತ್ತದೆ. ಅರ್ಧ ಉರಿದ ಹಗುರ ಬಗಾಸ್ ಚೂರುಗಳು ಗಾಳಿಯ ಜೊತೆ ಹಾರಿಹೋಗುತ್ತವೆ. ಇಷ್ಟು ಗಾಳಿಯನ್ನು ತಳ್ಳುವ, ಎಳೆಯುವ ಫ್ಯಾನುಗಳ ಕರೆಂಟು ಬೇರೆ. ಫ್ಯಾನಿನ ವೇಗ ಏರಿಸಿ 1.4 ಪಟ್ಟು ಗಾಳಿ ತರಬೇಕಾದರೆ ಅದಕ್ಕೆ ಬೇಕಾಗುವ ವಿದ್ಯುತ್ತು ಹೆಚ್ಚುಕಡಿಮೆ 2.7 ಪಟ್ಟಾಗುತ್ತದೆ.

ಚಿಮಣಿಯೇ ಹೇಳುವ ಉತ್ತರ

ಒಳಗೆ ಹೋಗುವ ಗಾಳಿಯನ್ನು ತೂಗುವುದು ಕಷ್ಟ, ಬಗಾಸ್ ತೂಗುವುದು ಅದಕ್ಕಿಂತ ಕಷ್ಟ. ಅದೃಷ್ಟಕ್ಕೆ ತೂಗಬೇಕಾದ ಅಗತ್ಯವೇ ಇಲ್ಲ. ಹೊರಗೆ ಹೋಗುವ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಅಳೆದರೆ ಸಾಕು. ಉಳಿದ ಆಮ್ಲಜನಕ ಎಂದರೆ ಬಳಕೆಯಾಗದೆ ಹೊರಟ ಗಾಳಿ. ಇದಕ್ಕೆ ಒಂದು ಸುಲಭ ಸೂತ್ರವಿದೆ:

ಹೆಚ್ಚುವರಿ ಗಾಳಿ (%) = O₂ ÷ (21 − O₂) × 100

ಇಲ್ಲಿ O₂ ಎಂದರೆ ಹೊಗೆಯಲ್ಲಿ ಶೇಕಡಾ ಎಷ್ಟು ಆಮ್ಲಜನಕ ಇದೆ ಎಂಬುದು. 21 ಎಂದರೆ ಗಾಳಿಯ ಗಾತ್ರದಲ್ಲಿ ಆಮ್ಲಜನಕದ ಪಾಲು. ಅಳತೆ 4.2 ಬಂದರೆ ಹೆಚ್ಚುವರಿ ಗಾಳಿ ಶೇ 25. ಅದು 6 ಆದರೆ ಶೇ 40, 9 ಆದರೆ ಶೇ 75. ಗಮನಿಸಿ, 6ರಿಂದ 9ಕ್ಕೆ ಹೋಗುವಾಗ ಹೆಚ್ಚುವರಿ ಗಾಳಿ ಎಷ್ಟು ಜಿಗಿಯಿತು! ಮೀಟರಿನ ಮೇಲೆ ಮೂರಂಕದ ವ್ಯತ್ಯಾಸ ಚಿಕ್ಕದಾಗಿ ಕಾಣುತ್ತದೆ. ಫರ್ನೇಸಿಗೆ ಅದು ಗಂಟೆಗೆ 40 ಟನ್ ಗಾಳಿ.

ಇಲ್ಲಿ ಎಷ್ಟೋ ಕಾರ್ಖಾನೆಗಳಲ್ಲಿ ಗೊಂದಲ ಹುಟ್ಟಿಸುವ ಒಂದು ಸೂಕ್ಷ್ಮವಿದೆ. ಕೈಯಲ್ಲಿ ಹಿಡಿದು ಒಯ್ಯುವ ಅನಿಲ ಪರೀಕ್ಷಾ ಯಂತ್ರ ಹೊಗೆಯನ್ನು ಹೀರಿ, ತಣಿಸಿ, ನೀರು ತೆಗೆದು, ಒಣ ಅನಿಲದಲ್ಲಿ ಆಮ್ಲಜನಕ ಅಳೆಯುತ್ತದೆ. ಮೇಲಿನ ಸೂತ್ರ ಇರುವುದೂ ಒಣ ಅಳತೆಗೇ. ಆದರೆ ಬಾಯ್ಲರಿನೊಳಗೇ ಕೂರಿಸಿದ ಜಿರ್ಕೋನಿಯಾ ಪ್ರೋಬ್ ಬಿಸಿ ಹೊಗೆಯನ್ನು ಅದರ ಆವಿಯ ಸಮೇತ ಅಳೆಯುತ್ತದೆ. ಕಲ್ಲಿದ್ದಲಿನ ಹೊಗೆಯಲ್ಲಿ ಆವಿ ಕಡಿಮೆ. ಎರಡರ ವ್ಯತ್ಯಾಸ ಅಲ್ಪ. ಬಗಾಸಿನ ಹೊಗೆಯ ಗಾತ್ರದಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಆವಿಯೇ. ಹಾಗಾಗಿ ಒಂದೇ ಬೆಂಕಿಯನ್ನು ನೋಡಿ ಕೈಯಂತ್ರ 4.2 ಎಂದರೆ ಪ್ರೋಬ್ 3.1 ಎನ್ನುತ್ತದೆ. ಎರಡೂ ಸರಿಯೇ. ಇದು ತಿಳಿಯದೆ ಕಂಟ್ರೋಲ್ ರೂಮಿನ ಪರದೆಯ ಮೇಲೆ 4.2 ಬರುವವರೆಗೆ ಗಾಳಿ ಏರಿಸಿದರೆ ನಿಜವಾದ ಹೆಚ್ಚುವರಿ ಗಾಳಿ ಶೇ 25 ಅಲ್ಲ, ಶೇ 36 ಆಗಿರುತ್ತದೆ. ಆದ್ದರಿಂದ ಯಾವುದೇ ಗುರಿ ಸಂಖ್ಯೆ ಬರೆದಿಟ್ಟರೆ ಅದು ಒಣ ಅಳತೆಯೋ, ಆವಿ ಸಮೇತದ ಅಳತೆಯೋ ಎಂದು ಪಕ್ಕದಲ್ಲೇ ಬರೆದಿಡಬೇಕು.

ಒಂದೇ ಗಾಳಿ, ಎರಡು ದಾರಿ

ಒಟ್ಟು ಗಾಳಿ ಸರಿಯಾಗಿದ್ದರೂ ಬೆಂಕಿ ಕೆಡಬಹುದು. ಅದು ಯಾವ ದಾರಿಯಲ್ಲಿ ಬರುತ್ತದೆ ಎಂಬುದೂ ಮುಖ್ಯ. ಒಣ ಬಗಾಸಿನಲ್ಲಿ ನೂರಕ್ಕೆ ಎಂಬತ್ತರಷ್ಟು ಭಾಗ ಬಿಸಿ ತಾಕಿದೊಡನೆ ಉರಿಯುವ ಅನಿಲವಾಗಿ ಹೊರಬಂದುಬಿಡುತ್ತದೆ. ಅದು ಉರಿಯುವುದು ಗ್ರೇಟ್ ಮೇಲಲ್ಲ, ಗ್ರೇಟಿನ ಮೇಲಿನ ಬಯಲಿನಲ್ಲಿ. ಗ್ರೇಟ್ ಮೇಲೆ ನಿಧಾನ ಉರಿಯಲು ಉಳಿಯುವುದು ಸ್ವಲ್ಪ ಇದ್ದಿಲು ಮತ್ತು ಒಣಗದ ಒದ್ದೆ ಬಗಾಸ್ ಮಾತ್ರ. ಕಲ್ಲಿದ್ದಲಿನಲ್ಲಿ ಇದ್ದಿಲಿನ ಪಾಲು ದೊಡ್ಡದು, ಗ್ರೇಟಿನ ಕೆಳಗಿನ ಗಾಳಿಗೆ ಅಲ್ಲಿ ಹೆಚ್ಚು ಕೆಲಸ.

ಆದ್ದರಿಂದ ಬಗಾಸ್ ಬಾಯ್ಲರಿನಲ್ಲಿ ಒಂದಷ್ಟು ಗಾಳಿ ಗ್ರೇಟಿನ ಕೆಳಗಿನಿಂದ ಬಂದರೆ, ಇನ್ನೊಂದಷ್ಟು ಗೋಡೆಯಲ್ಲಿರುವ ಚಿಕ್ಕ ನಳಿಕೆಗಳಿಂದ ರಭಸವಾಗಿ ನುಗ್ಗುತ್ತದೆ. ಎರಡನೆಯದೇ ಸೆಕೆಂಡರಿ ಏರ್. ಮೇಲೆದ್ದ ಅನಿಲದೊಳಕ್ಕೆ ಹೊಕ್ಕು ಕಲಕುವುದು ಅದರ ಕೆಲಸ. ಅದರ ಒತ್ತಡ ಕಡಿಮೆಯಾಗಿ ನಳಿಕೆಯ ಗಾಳಿ ಫರ್ನೇಸಿನ ನಡುವಿಗೆ ತಲುಪದಿದ್ದರೆ, ಗೋಡೆಯ ಹತ್ತಿರ ಆಮ್ಲಜನಕ ಬಿದ್ದು ಹೋಗುತ್ತಿರುತ್ತದೆ, ನಡುವೆ ಅನಿಲ ಉರಿಯದೆ ಹೋಗುತ್ತಿರುತ್ತದೆ. ಆಗ ಮೀಟರಿನಲ್ಲಿ ಒಂದು ವಿಚಿತ್ರ ಕಾಣುತ್ತದೆ: ಆಮ್ಲಜನಕವೂ ಹೆಚ್ಚು, ಇಂಗಾಲದ ಮೊನಾಕ್ಸೈಡೂ ಹೆಚ್ಚು. ಇವೆರಡೂ ಒಟ್ಟಿಗೆ ಏರಿದ್ದರೆ ಗಾಳಿಯ ಕೊರತೆಯಿಲ್ಲ, ಬೆರಕೆಯ ಕೊರತೆಯಿದೆ ಎಂದು ತಿಳಿಯಬೇಕು. ಅಂಥ ಹೊತ್ತಿನಲ್ಲಿ ಇನ್ನಷ್ಟು ಗಾಳಿ ಊದುವುದು ರೋಗಕ್ಕೆ ಸಂಬಂಧವಿಲ್ಲದ ಮದ್ದು.

ಇದೇ ಲಕ್ಷಣ ಗ್ರೇಟಿನ ಮೇಲೆ ಬಗಾಸ್ ಒಂದೇ ಸಮ ಹರಡದಿದ್ದಾಗಲೂ ಕಾಣುತ್ತದೆ. ಒಂದು ಮೂಲೆಯಲ್ಲಿ ಗುಡ್ಡೆ, ಇನ್ನೊಂದು ಕಡೆ ಬರಿ ಕಬ್ಬಿಣ. ಗಾಳಿ ಸುಲಭದ ದಾರಿ ಹಿಡಿಯುತ್ತದೆ. ಗುಡ್ಡೆಯನ್ನು ಬಿಟ್ಟು ಬರಿದಾದ ಜಾಗದಿಂದ ಮೇಲೇರುತ್ತದೆ. ಗುಡ್ಡೆ ಹೊಗೆಯಾಡುತ್ತದೆ. ಕಂಟ್ರೋಲ್ ರೂಮಿನಲ್ಲಿ ಕುಳಿತು ಇದನ್ನು ಕಂಡುಹಿಡಿಯಲಾಗುವುದಿಲ್ಲ. ಕೆಳಗಿಳಿದು ಕಿಂಡಿಯಿಂದ ಬೆಂಕಿಯನ್ನು ನೋಡಬೇಕು, ಬಗಾಸ್ ಎರಚುವ ಗಾಳಿಯ ಒತ್ತಡವನ್ನು ಸರಿಪಡಿಸಬೇಕು.

ಕಳ್ಳ ಗಾಳಿ

ಮೂರನೆಯ ದಾರಿ ಒಂದಿದೆ, ಅದನ್ನು ಯಾರೂ ಮಾಡಿಟ್ಟದ್ದಲ್ಲ. ಬೆಂಕಿ ಹೊರಗೆ ಚಿಮ್ಮದಿರಲೆಂದು ಫರ್ನೇಸಿನೊಳಗಿನ ಒತ್ತಡವನ್ನು ಹೊರಗಿನದಕ್ಕಿಂತ ಸ್ವಲ್ಪ ಕಡಿಮೆ ಇಡುತ್ತಾರೆ. ಚಿಮಣಿಯ ಬುಡದಲ್ಲಿರುವ ಐಡಿ ಫ್ಯಾನ್ ಹೊಗೆಯನ್ನು ಎಳೆಯುತ್ತಿರುತ್ತದೆ. ಹೀಗೆ ಎಳೆತವಿರುವ ಕಡೆ ಎಲ್ಲಿ ಸಂದು ಸಿಕ್ಕರೂ ಹೊರಗಿನ ತಣ್ಣನೆಯ ಗಾಳಿ ನುಗ್ಗುತ್ತದೆ. ಸರಿಯಾಗಿ ಮುಚ್ಚದ ಬಾಗಿಲು, ಬೂದಿ ಬೀಳುವ ಹಾಪರ್, ಹರಿದ ಎಕ್ಸ್‌ಪಾನ್ಶನ್ ಜಾಯಿಂಟ್, ತೂತು ಬಿದ್ದ ಏರ್ ಹೀಟರ್ ಕೊಳವೆ, ಬಗಾಸ್ ಸುರಿಯುವ ಚ್ಯೂಟ್ ಖಾಲಿಯಾದ ಹೊತ್ತು.

ಇದನ್ನು ಹಿಡಿಯಲು ಎರಡು ಕಡೆ ಆಮ್ಲಜನಕ ಅಳೆದರೆ ಸಾಕು: ಫರ್ನೇಸ್ ದಾಟಿದ ಕೂಡಲೇ ಒಮ್ಮೆ, ಐಡಿ ಫ್ಯಾನಿನ ಮುಂದೆ ಇನ್ನೊಮ್ಮೆ. ಮೊದಲನೆಯದು 4.5, ಎರಡನೆಯದು 8.5 ಬಂತು ಎಂದುಕೊಳ್ಳೋಣ. ಸೂತ್ರಕ್ಕೆ ಹಾಕಿದರೆ ಹೆಚ್ಚುವರಿ ಗಾಳಿ ಶೇ 27ರಿಂದ ಶೇ 68ಕ್ಕೆ ಏರಿದೆ. ನಡುವಿನ ಶೇ 41 ಯಾವ ಫ್ಯಾನೂ ಊದಿದ್ದಲ್ಲ. ಸೈದ್ಧಾಂತಿಕ ಗಾಳಿ 115 ಟನ್ನಿಗೆ ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 47 ಟನ್ ಕಳ್ಳ ಗಾಳಿ. ಬೆಂಕಿಗೆ ಇದರಿಂದ ಪ್ರಯೋಜನವಿಲ್ಲ, ಐಡಿ ಫ್ಯಾನ್ ಮಾತ್ರ ಅದನ್ನು ಹೊರಲೇಬೇಕು. ಫ್ಯಾನು ಸೋತರೆ ಬಾಯ್ಲರಿನ ಹಬೆಯೇ ಕಡಿಮೆಯಾಗುತ್ತದೆ. ದೊಡ್ಡ ಫ್ಯಾನ್ ಹಾಕಬೇಕೆಂಬ ಬೇಡಿಕೆ ಬಂದಾಗ ಮೊದಲು ಈ ಎರಡು ಅಳತೆ ಕೇಳಬೇಕು.

ಕಳ್ಳ ಗಾಳಿ ಪ್ರೋಬಿಗಿಂತ ಮುಂಚೆಯೇ ಸೇರಿಕೊಂಡರೆ ಇನ್ನೂ ಕಷ್ಟ. ಆಗ ಮೀಟರ್ ಹೆಚ್ಚು ಆಮ್ಲಜನಕ ತೋರಿಸುತ್ತದೆ, ಆಪರೇಟರ್ ಅದನ್ನು ನಂಬಿ ನಿಜವಾದ ಗಾಳಿಯನ್ನು ತಗ್ಗಿಸುತ್ತಾನೆ, ಬೆಂಕಿ ಉಸಿರುಗಟ್ಟುತ್ತದೆ. ಸಂದು ಹುಡುಕುವ ವಿಧಾನ ಹಳೆಯದು, ಈಗಲೂ ಚೆನ್ನಾಗಿಯೇ ಕೆಲಸ ಮಾಡುತ್ತದೆ: ಬಾಯ್ಲರ್ ನಿಂತಾಗ ಫ್ಯಾನು ಹಾಕಿ ಜೋಡಣೆಗಳ ಹತ್ತಿರ ಹೊಗೆ ಹಿಡಿದು ಅದು ಎಲ್ಲಿ ಒಳಗೆ ಸೆಳೆಯಲ್ಪಡುತ್ತದೆ ಎಂದು ನೋಡುವುದು.

ಬಗಾಸ್ ಒದ್ದೆಯಾದ ದಿನ

ಗಾಳಿಯ ವಿಷಯದಲ್ಲಿ ಅತಿ ಹೆಚ್ಚು ತಪ್ಪಾಗುವುದು ಬಗಾಸ್ ಒದ್ದೆಯಾದಾಗ. ಮಿಲ್ಲಿನ ಹಿಂಡುವ ಶಕ್ತಿ ಸಡಿಲಾಗಿ ನೀರಿನಂಶ ಶೇ 50ರಿಂದ 55ಕ್ಕೆ ಏರಿತು ಎಂದುಕೊಳ್ಳಿ. ಬೆಂಕಿ ಕೆಂಪಗೆ ಮಂಕಾಗುತ್ತದೆ, ಹಬೆಯ ಒತ್ತಡ ಇಳಿಯುತ್ತದೆ. ಇನ್ನಷ್ಟು ಗಾಳಿ ಊದಬೇಕೆಂದು ಕೈ ತವಕಿಸುತ್ತದೆ. ಲೆಕ್ಕ ಹೇಳುವುದು ತದ್ವಿರುದ್ಧ. ಕಿಲೋಗೆ ಉರಿಯುವ ಭಾಗ 500 ಗ್ರಾಮಿನಿಂದ 450ಕ್ಕೆ ಇಳಿದಿರುವುದರಿಂದ ಬೇಕಾದ ಗಾಳಿಯೂ ಕಿಲೋಗೆ 2.9ರಿಂದ 2.6 ಕಿಲೋಗೆ ಇಳಿದಿದೆ. ಮಂಕಾಗಿರುವುದು ಗಾಳಿ ಸಾಲದೆ ಅಲ್ಲ, ನೀರು ಶಾಖವನ್ನು ನುಂಗುವುದರಿಂದ. ಆ ಹೊತ್ತಿನಲ್ಲಿ ಊದುವ ಹೆಚ್ಚಿನ ಗಾಳಿ ಫರ್ನೇಸನ್ನು ಇನ್ನಷ್ಟು ತಣಿಸುತ್ತದೆ.

ಒದ್ದೆ ಬಗಾಸಿಗೆ ಬೇಕಾದದ್ದು ಬಿಸಿ ಗಾಳಿ. ಚಿಮಣಿಗೆ ಹೋಗುವ ಹೊಗೆಯಿಂದ ಏರ್ ಹೀಟರಿನಲ್ಲಿ ಗಾಳಿ ಕಾಯಿಸುವುದು ಇದಕ್ಕೇ. ಗ್ರೇಟ್ ಮೇಲಿನ ರಾಶಿ ತೆಳ್ಳಗಿರುವಂತೆ ನೋಡಿಕೊಂಡು, ಒಟ್ಟು ಗಾಳಿಯನ್ನು ಆಮ್ಲಜನಕದ ಅಳತೆ ನೋಡಿಯೇ ಇಟ್ಟುಕೊಂಡು, ಮಿಲ್ಲಿನವರಿಗೆ ಫೋನ್ ಮಾಡುವುದು ಸರಿಯಾದ ಕ್ರಮ. ಬಾಯ್ಲರಿನ ಆ ಸಮಸ್ಯೆಯ ಮೂಲ ಬಾಯ್ಲರಿನಲ್ಲಿಲ್ಲ.

ಸರಿಯಾದ ಸಂಖ್ಯೆ ಹುಡುಕುವುದು

ಕೈಪಿಡಿಯ ಶೇ 25–35 ಒಂದು ಅಂದಾಜು. ಪ್ರತಿ ಬಾಯ್ಲರಿಗೂ ಅದರದೇ ಸಂಖ್ಯೆ ಇರುತ್ತದೆ, ಹುಡುಕಿಕೊಳ್ಳಬೇಕು. ಹಬೆಯ ಬೇಡಿಕೆ ಸ್ಥಿರವಾಗಿರುವ, ಬಗಾಸ್ ಒಂದೇ ಹದದಲ್ಲಿ ಬರುತ್ತಿರುವ ಹೊತ್ತು ಆರಿಸಿಕೊಳ್ಳಬೇಕು. ಫರ್ನೇಸಿನ ಆಚೆ ಆಮ್ಲಜನಕ ಮತ್ತು ಮೊನಾಕ್ಸೈಡ್ ಎರಡನ್ನೂ ಅಳೆಯುತ್ತ, ಗಾಳಿಯನ್ನು ಸ್ವಲ್ಪ ಸ್ವಲ್ಪವೇ ತಗ್ಗಿಸಬೇಕು. ಪ್ರತಿ ಸಲ ಬೆಂಕಿ ನೆಲೆಗೆ ಬರುವವರೆಗೆ ಕಾಯಬೇಕು. ಮೊದಮೊದಲು ಆಮ್ಲಜನಕ ಇಳಿಯುತ್ತದೆ, ಮೊನಾಕ್ಸೈಡ್ ಹೆಚ್ಚು ಅಲುಗುವುದಿಲ್ಲ. ಒಂದು ಹಂತದಲ್ಲಿ ಮೊನಾಕ್ಸೈಡ್ ಥಟ್ಟನೆ ಏರತೊಡಗುತ್ತದೆ. ಅದೇ ಆ ಬಾಯ್ಲರಿನ ಕೆಳಗಿನ ಎಲ್ಲೆ. ಅದರಿಂದ ತುಸು ಮೇಲಕ್ಕೆ, ಬಗಾಸಿನ ಹದ ಏರುಪೇರಾದರೂ ತಡೆಯುವಷ್ಟು ಅಂತರದಲ್ಲಿ ಗುರಿಯನ್ನು ಇಟ್ಟುಕೊಳ್ಳಬೇಕು. ಅರ್ಧ ಲೋಡಿನಲ್ಲಿ ನಡೆಸುವಾಗ ಗಾಳಿಯ ರಭಸ ಕಡಿಮೆಯಾಗಿ ಬೆರಕೆ ಕೆಡುವುದರಿಂದ ಗುರಿ ಸ್ವಲ್ಪ ಮೇಲಿರುತ್ತದೆ. ಆದ್ದರಿಂದ ಎರಡು ಮೂರು ಲೋಡುಗಳಲ್ಲಿ ಈ ಪರೀಕ್ಷೆ ಮಾಡಿ ಗೋಡೆಯ ಮೇಲೆ ಬರೆದು ಅಂಟಿಸಿದರೆ ಮೂರೂ ಪಾಳಿಯವರು ಒಂದೇ ಬೆಂಕಿ ನಡೆಸಬಹುದು.

ನಮ್ಮ ರಾಜ್ಯದಲ್ಲಿ ಎಷ್ಟೋ ಸಕ್ಕರೆ ಕಾರ್ಖಾನೆಗಳು ಸಹಕಾರಿ, ಕಬ್ಬು ಬೆಳೆಗಾರರೇ ಅವುಗಳ ಸದಸ್ಯರು. ವಾರ್ಷಿಕ ಸಭೆಯಲ್ಲಿ ಇಳುವರಿ, ಬಾಕಿ ಬಿಲ್ಲು, ವಿದ್ಯುತ್ ಮಾರಾಟದ ಬಗ್ಗೆ ಕೇಳುವ ಹಾಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಹಂಗಾಮಿನಲ್ಲಿ ನಮ್ಮ ಬಾಯ್ಲರಿನ ಹೊಗೆಯಲ್ಲಿ ಆಮ್ಲಜನಕ ಸರಾಸರಿ ಎಷ್ಟಿತ್ತು, ಎಲ್ಲಿ ಅಳೆದಿರಿ? ಒಣ ಅಳತೆ 4ರಿಂದ 5.5ರೊಳಗಿದ್ದರೆ ಬಾಯ್ಲರ್ ಮನೆಯವರಿಗೆ ಧನ್ಯವಾದ ಹೇಳಿ ಕುಳಿತುಕೊಳ್ಳಬಹುದು. 8, 9 ಎಂದು ಬಂದರೆ, ಅಥವಾ ಅಳೆಯುವ ಯಂತ್ರ ಕೆಟ್ಟಿದೆ ಎಂಬ ಉತ್ತರ ಬಂದರೆ, ಹೊಸ ಬಾಯ್ಲರಿನ ಪ್ರಸ್ತಾವಕ್ಕೆ ಕೈ ಎತ್ತುವ ಮೊದಲು ಆ ಯಂತ್ರವನ್ನು ರಿಪೇರಿ ಮಾಡಿಸಲು ಹೇಳಿ.